ಡ್ರಮ್ಮಿನಲ್ಲಿ ನೀರಿದೆ, ಕುಡಿಯುವವರಿಲ್ಲ

ಏಪ್ರಿಲ್ ಬಿಸಿಲಲ್ಲಿ ಕಟ್ಟಡದ ಸೈಟಿಗೆ ಹೋಗಿ ಕುಡಿಯೋ ನೀರೆಲ್ಲಿ ಎಂದರೆ ಮೇಸ್ತ್ರಿ ಗೇಟಿನ ಪಕ್ಕದ ನೀಲಿ ಡ್ರಮ್ಮು ತೋರಿಸುತ್ತಾನೆ. ನಾಲ್ಕನೇ ಮಹಡಿಯಲ್ಲಿ ಕಂಬಿ ಕಟ್ಟುವವನು ಒಂದು ಲೋಟ ನೀರಿಗಾಗಿ ಅಷ್ಟೂ ಮೆಟ್ಟಿಲು ಇಳಿದು ಹತ್ತಬೇಕು. ಇಳಿಯುವುದಿಲ್ಲ.

ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಇದನ್ನು ಊಹಿಸಿಯೇ, ನೀರು ಕೆಲಸದವರಿಗೆ ಅನುಕೂಲವಾದ ಜಾಗದಲ್ಲಿ, ಸಾಕಷ್ಟು ಇರಬೇಕು ಎಂದಿತ್ತು. ಶೌಚಾಲಯದಿಂದ ಕನಿಷ್ಠ 6 ಮೀಟರ್ ದೂರ, ಹೆಚ್ಚಿನವರು ಓದಬಲ್ಲ ಭಾಷೆಯಲ್ಲಿ ಬೋರ್ಡು ಎಂದೂ ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲೂ ಕುಡಿಯುವ ನೀರಿನ ಹೊಣೆ ಮಾಲೀಕನದೇ. ಆದರೆ ‘ಸಾಕಷ್ಟು’ ಎಂದರೆ ಎಷ್ಟು?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ ಲೆಕ್ಕವನ್ನೇ ಬರೆದಿಟ್ಟಿದೆ: ತಲೆಗೆ ಗಂಟೆಗೆ ಸುಮಾರು ಒಂದು ಲೀಟರ್. ಹದಿನೈದು ನಿಮಿಷಕ್ಕೊಂದು ಲೋಟ ಅಂದುಕೊಳ್ಳಿ. ಮೂವತ್ತು ಜನ ಎಂಟು ಗಂಟೆ ದುಡಿದರೆ 240 ಲೀಟರ್, ಅಂದರೆ 20 ಲೀಟರಿನ ಹನ್ನೆರಡು ಕ್ಯಾನು. ನಾಲ್ಕು ಕ್ಯಾನು ಇಳಿಸಿ ಬಿಲ್ಲು ಫೈಲಿಗೆ ಹಾಕಿದರೆ ದಿನಕ್ಕೆ ತಲೆಗೆ ಮೂರು ಲೀಟರೂ ದಕ್ಕುವುದಿಲ್ಲ. ಕ್ಯಾನುಗಳನ್ನು ಗಾರೆ, ಇಟ್ಟಿಗೆಯ ಜೊತೆಗೇ ಲಿಫ್ಟಿನಲ್ಲಿ ಮೇಲಕ್ಕೆ ಕಳಿಸಲು ಖರ್ಚೇನೂ ಇಲ್ಲ.

ನೀರು ಕೈಗೆ ಸಿಕ್ಕರೂ ಹೆಂಗಸರು ಕುಡಿಯದಿರುವುದುಂಟು. ಶೌಚಾಲಯ ಇಲ್ಲದ ಕಡೆ, ಇದ್ದರೂ ಬಾಗಿಲಿಗೆ ಚಿಲಕವಿಲ್ಲದ ಕಡೆ, ಬೆಳಗ್ಗೆಯಿಂದ ಸಂಜೆವರೆಗೆ ಬಾಯಿ ಒಣಗಿಸಿಕೊಂಡೇ ಬಾಂಡಲಿ ಹೊರುತ್ತಾರೆ. ಸೈಟಿನಲ್ಲಿ ಶೌಚಾಲಯ ಕಟ್ಟಿಸುವುದೂ ಮಾಲೀಕನ ಕರ್ತವ್ಯ. ಅದನ್ನು ಬಿಟ್ಟು ನೀರೊಂದನ್ನೇ ಇಟ್ಟವನು ಅರ್ಧ ಕೆಲಸವನ್ನೂ ಮಾಡಿಲ್ಲ.

ಇನ್ನು ವಿಶ್ರಾಂತಿ. ಭಾರದ ಕೆಲಸದಲ್ಲಿ ಮೈಯೊಳಗೇ ಶಾಖ ಹುಟ್ಟುತ್ತಿರುತ್ತದೆ. ಎಷ್ಟೇ ನೀರು ಕುಡಿದರೂ ಕೆಲಸ ನಿಲ್ಲಿಸದೆ ಅದು ಇಳಿಯದು. ಗುತ್ತೆಗೆ ದುಡಿಯುವವನು ಕೂತಷ್ಟು ಹೊತ್ತು ಅವನದೇ ದುಡ್ಡು ಹೋಗುತ್ತದೆ, ಹಾಗಾಗಿ ‘ಬೇಕಾದಾಗ ಕೂತ್ಕೊಳ್ಳಿ’ ಎನ್ನುವ ಔದಾರ್ಯಕ್ಕೆ ಅರ್ಥವಿಲ್ಲ. ವಿಶ್ರಾಂತಿಗೆ ಕೂಲಿ ಸೇರಿರಬೇಕು, ಹೊತ್ತು ಗೊತ್ತುಮಾಡಿರಬೇಕು. ಕಾಂಕ್ರೀಟ್ ಹಾಕುವ ದಿನ ನಡುವೆ ನಿಲ್ಲಿಸಲಾಗದು ಎಂಬುದು ನಿಜ. ಅಂಥ ದಿನ ಬೆಳಗಿನ ಜಾವವೇ ಶುರುಮಾಡಬೇಕು, ಇಲ್ಲವೇ ಎರಡು ತಂಡ ಇಟ್ಟು ಸರದಿಯ ಮೇಲೆ ಬಿಡಬೇಕು. ಹೊಸಬರಿಗೂ ಹಬ್ಬಕ್ಕೆ ಊರಿಗೆ ಹೋಗಿ ಬಂದವರಿಗೂ ಮೊದಲ ವಾರ ಕೆಲಸ ಕಡಿಮೆ ಕೊಡಬೇಕು. ಬಿಸಿಲಿಗೆ ಮೈ ಒಗ್ಗಲು ಅಷ್ಟು ದಿನ ಬೇಕು.

ನೆರಳೆಂದು ತಗ್ಗಾದ ತಗಡಿನ ಶೆಡ್ಡು ತೋರಿಸುವವರೂ ಇದ್ದಾರೆ. ಮಧ್ಯಾಹ್ನ ಅದರೊಳಗೆ ಕೂತರೆ ಮೇಲಿಂದ ಕಾವು ಸುರಿಯುತ್ತದೆ. ಚಾವಣಿ ಎತ್ತರಿಸಿ, ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ, ಎರಡು ಬದಿ ಗಾಳಿಗೆ ಬಿಟ್ಟರೆ ಕೂರಬಹುದು. ಮಳೆ ಬಂದಾಗ ಎಲ್ಲರೂ ಓಡುವುದೂ ಅಲ್ಲಿಗೇ, ಆದ್ದರಿಂದ ಅದು ಪಾಯದ ಗುಂಡಿಯ ಅಂಚಿನಲ್ಲಿ ಇರಬಾರದು. ನೆನೆದ ಮಣ್ಣು ಕುಸಿಯುತ್ತದೆ.

ಕೆಲಸದ ನಡುವೆ ಯಾರಾದರೂ ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ, ಕುಡಿದಿದ್ದಾನೆ ಎಂದು ಬೈದು ಮೂಲೆಗೆ ಕೂರಿಸುವ ಅಭ್ಯಾಸವಿದೆ. ಅದು ಬಿಸಿಲಾಘಾತವಾಗಿರಬಹುದು. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ನೆರಳಿಗೆ ಎಳೆದು ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಬೀಸಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು.