ಹಾಡು ಫೋನಿಗೆ ಇಳಿದಿದೆಯೇ?

ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋಗುವಾಗ ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಬರೀ ಘಟ್ಟ. 57 ಸುರಂಗಗಳಿವೆ. ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್‌ನಂಥ ಆ್ಯಪ್‌ಗಳಿಗೆ ಹೊಸಬರಾದವರಿಗೆ ಮೊದಲ ಗೊಂದಲ ಎದುರಾಗುವುದು ಇಂಥ ಜಾಗದಲ್ಲೇ. "ನಿನ್ನೆಯೇ ಲೈಕ್ ಮಾಡಿ ಇಟ್ಟುಕೊಂಡಿದ್ದೆ, ಈಗ್ಯಾಕೆ ಹಾಡ್ತಿಲ್ಲ?"

ಹಾಡದಿರುವುದಕ್ಕೆ ಕಾರಣ, ಲೈಕ್ ಮಾಡಿದರೆ ಹಾಡು ಫೋನಿಗೆ ಬರುವುದಿಲ್ಲ. ಪ್ಲೇಲಿಸ್ಟಿಗೆ ಸೇರಿಸಿದರೂ ಬರುವುದಿಲ್ಲ. ಎರಡರಲ್ಲೂ ನಾವು ಮಾಡುವುದು ಮದುವೆಗೆ ಕರೆಯುವವರ ಹೆಸರು ಬರೆದಿಟ್ಟುಕೊಳ್ಳುವ ಕೆಲಸ ಮಾತ್ರ. ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ನೆಂಟರು ಮನೆಗೆ ಬಂದು ಕೂತಂತಾಗಲಿಲ್ಲ. ಹಾಡು ಇರುವುದು ಕಂಪನಿಯ ಸರ್ವರ್‌ನಲ್ಲಿ; ನಾವು ಒತ್ತಿದಾಗಲೆಲ್ಲ ಅಲ್ಲಿಂದ ಇಂಟರ್ನೆಟ್ ಮೂಲಕ ಹರಿದು ಬರಬೇಕು.

ಸ್ಪಾಟಿಫೈನ ಗುಂಡಿಯನ್ನೇ ನೋಡೋಣ. ಮೊದಲು ಅಲ್ಲಿ ಲೈಕ್ ಮಾಡಲು ಹೃದಯದ ಚಿಹ್ನೆ ಇತ್ತು. 2023ರಲ್ಲಿ ಅದನ್ನು ತೆಗೆದು ಕೂಡಿಸುವ ಚಿಹ್ನೆ ಇಟ್ಟರು. ಒಮ್ಮೆ ಒತ್ತಿದರೆ ಅದು ಹಸಿರು ಟಿಕ್ ಆಗುತ್ತದೆ, ಹಾಡು Liked Songs ಎಂಬ ಪಟ್ಟಿಗೆ ಸೇರುತ್ತದೆ. ಅದೇ ಟಿಕ್ ಅನ್ನು ಮತ್ತೊಮ್ಮೆ ಒತ್ತಿದರೆ ನಿಮ್ಮ ಪ್ಲೇಲಿಸ್ಟ್‌ಗಳ ಹೆಸರುಗಳು ತೆರೆದುಕೊಳ್ಳುತ್ತವೆ. ಯಾವುದಕ್ಕೆ ಬೇಕೋ ಅದಕ್ಕೆ ಗುರುತು ಹಾಕಬಹುದು. ಒಂದೇ ಗುಂಡಿ ಎರಡು ಕೆಲಸ ಮಾಡುವುದರಿಂದ ಎರಡೂ ಒಂದೇ ಎಂದು ಜನ ತಿಳಿಯುವುದು ಸಹಜ. ಹಸಿರು ಟಿಕ್ ಕಂಡರೆ ಹಾಡು ಇಳಿದುಬಿಟ್ಟಿತು ಎಂದುಕೊಳ್ಳುವವರೂ ಇದ್ದಾರೆ. ಇಳಿದದ್ದಕ್ಕೆ ಬೇರೆಯೇ ಗುರುತಿದೆ, ಕೆಳಮುಖದ ಹಸಿರು ಬಾಣ.

ಲೈಕ್ ಎಂಬುದು ಕಂಪನಿಗೆ ನಾವು ಹೇಳುವ ಮಾತೂ ಹೌದು. 'ಇಂಥದ್ದು ನನಗೆ ಹಿಡಿಸುತ್ತದೆ' ಎಂಬ ಸೂಚನೆ ಅದು. ಮುಂದೆ ಆ್ಯಪ್ ತಾನಾಗಿ ಯಾವ ಹಾಡು ಮುಂದಿಡಬೇಕು ಎಂದು ಲೆಕ್ಕ ಹಾಕುವಾಗ ಅದನ್ನು ಗಮನಿಸುತ್ತದೆ. ಮನೆಮಂದಿಯೆಲ್ಲ ಒಂದೇ ಅಕೌಂಟ್ ಬಳಸುವಲ್ಲಿ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ಮಗು ನಾಲ್ಕಾರು ಶಿಶುಗೀತೆಗಳಿಗೆ ಲೈಕ್ ಒತ್ತಿದರೆ ಭಾವಗೀತೆ ಕೇಳುವ ಅಜ್ಜಿಯ ಮುಂದೆಯೂ ಶಿಶುಗೀತೆಗಳೇ ಬಂದು ನಿಲ್ಲುತ್ತವೆ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಹೆಬ್ಬೆರಳು ಮೇಲೆತ್ತಿದ ಚಿಹ್ನೆ ಒತ್ತಿದರೂ ಹೀಗೆಯೇ. ಹಾಡು Liked Music ಪಟ್ಟಿಗೆ ಸೇರುತ್ತದೆ. ಹಾಗಾಗಿ ಲೈಕನ್ನು ನಿಜವಾಗಿ ಇಷ್ಟವಾದುದಕ್ಕೆ ಮಾತ್ರ ಒತ್ತುವುದು ಒಳ್ಳೆಯದು. ಆಮೇಲೆ ಕೇಳೋಣ ಎಂದು ಗುರುತು ಹಾಕಿಕೊಳ್ಳಲು ಅದನ್ನು ಬಳಸಬೇಡಿ.

ಆ ಕೆಲಸಕ್ಕೆ ಪ್ಲೇಲಿಸ್ಟ್ ಇದೆ. ಅದಕ್ಕೆ ಹೆಸರಿಡಬಹುದು, ಹಾಡುಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಬಹುದು, ಕೊಂಡಿಯನ್ನು ವಾಟ್ಸ್ಆ್ಯಪ್‌ನಲ್ಲಿ ಅಕ್ಕನಿಗೂ ಕಳಿಸಬಹುದು. ಲೈಕ್‌ಗೂ ಇದಕ್ಕೂ ಗಂಟಿಲ್ಲ. ಪ್ಲೇಲಿಸ್ಟಿನಿಂದ ತೆಗೆದ ಹಾಡಿನ ಲೈಕ್ ಹಾಗೆಯೇ ಉಳಿಯುತ್ತದೆ. ಲೈಕ್ ತೆಗೆದರೂ ಹಾಡು ಪ್ಲೇಲಿಸ್ಟಿನಲ್ಲಿ ಇದ್ದೇ ಇರುತ್ತದೆ. ಎರಡೂ ನಿಮ್ಮ ಅಕೌಂಟಿನಲ್ಲಿ ದಾಖಲಾಗಿರುವುದರಿಂದ ಫೋನ್ ಕಳೆದುಹೋದರೂ ಚಿಂತೆಯಿಲ್ಲ. ಹೊಸ ಫೋನಿನಲ್ಲಿ ಅದೇ ಅಕೌಂಟಿನಿಂದ ಒಳಹೋದರೆ ಎಲ್ಲವೂ ಇದ್ದಲ್ಲೇ ಇರುತ್ತವೆ.

ಇನ್ನು ಡೌನ್‌ಲೋಡ್. ಹಾಡು ನಿಜವಾಗಿ ಫೋನಿನೊಳಗೆ ಬಂದು ಜಾಗ ಹಿಡಿಯುವುದು ಇದರಲ್ಲಿ ಮಾತ್ರ. ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ ಎರಡರಲ್ಲೂ ಹಾಡು ಇಳಿಸಿಕೊಳ್ಳಲು ಹಣ ಕಟ್ಟಿ ಚಂದಾದಾರರಾಗಬೇಕು. ಒಂದಕ್ಕಿಂತ ಹೆಚ್ಚು ಯೋಜನೆಗಳಿದ್ದರೆ, ಆರಿಸಿಕೊಳ್ಳುವ ಯೋಜನೆಯಲ್ಲಿ ಡೌನ್‌ಲೋಡ್ ಇದೆಯೇ ಎಂದು ಓದಿ ನೋಡಿಯೇ ಹಣ ಕಟ್ಟಿ.

ಘಟ್ಟದ ಪ್ರಯಾಣಕ್ಕೇ ಒಂದು ಲೆಕ್ಕ ಹಾಕೋಣ. ಸ್ಪಾಟಿಫೈನಲ್ಲಿ 'ಘಟ್ಟ' ಎಂಬ ಪ್ಲೇಲಿಸ್ಟ್ ಮಾಡಿ ನಲವತ್ತು ಹಾಡು ಸೇರಿಸಿದಿರಿ ಎನ್ನಿ. ಹಾಡಿಗೆ ನಾಲ್ಕು ನಿಮಿಷವಾದರೆ ಒಟ್ಟು ಎರಡು ಗಂಟೆ ನಲವತ್ತು ನಿಮಿಷ. ಪ್ಲೇಲಿಸ್ಟಿನ ಪುಟದ ಮೇಲ್ಭಾಗದಲ್ಲಿರುವ ಕೆಳಮುಖದ ಬಾಣವನ್ನು ಒತ್ತಿದರೆ ಹಾಡುಗಳು ಒಂದೊಂದಾಗಿ ಇಳಿಯತೊಡಗುತ್ತವೆ. ಸೆಕೆಂಡಿಗೆ 160 ಕಿಲೋಬಿಟ್ ಗುಣಮಟ್ಟದಲ್ಲಿ ಒಂದು ಹಾಡು ಸುಮಾರು 5 ಎಂಬಿ, ನಲವತ್ತಕ್ಕೆ 200 ಎಂಬಿಯ ಒಳಗೆ. 320 ಕಿಲೋಬಿಟ್ ಆರಿಸಿದರೆ ಇದರ ಎರಡರಷ್ಟು. ಬಾಣ ಒತ್ತಿದ ಕೂಡಲೇ ಎದ್ದು ಹೊರಡಬೇಡಿ. ಮೊಬೈಲ್ ಡೇಟಾದಲ್ಲಿ ಇಳಿಸಿಕೊಳ್ಳುವುದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆ ಕೊಟ್ಟಿಲ್ಲದಿದ್ದರೆ, ಮನೆಯ ವೈಫೈ ತಪ್ಪಿದ ತಕ್ಷಣ ಕೆಲಸ ನಿಲ್ಲುತ್ತದೆ. ಹತ್ತು ಹಾಡು ಇಳಿದು ಮೂವತ್ತು ಬಾಕಿ ಉಳಿದಿರುತ್ತವೆ. ಆಗಾಗ ಕೇಳಿದ ಹಾಡಿನ ತುಣುಕುಗಳನ್ನು ಆ್ಯಪ್ ತಾತ್ಕಾಲಿಕವಾಗಿ ಫೋನಿನಲ್ಲಿ ಇಟ್ಟುಕೊಂಡಿರುವುದೂ ಉಂಟು. ಹೀಗಾಗಿ ಇಳಿಸಿಕೊಳ್ಳದ ಹಾಡೂ ಸಿಗ್ನಲ್ ಇಲ್ಲದಾಗ ಒಮ್ಮೊಮ್ಮೆ ಕೇಳಿಬಂದು, ಎಲ್ಲವೂ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಖಚಿತ ಪರೀಕ್ಷೆ ಒಂದೇ: ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಪಟ್ಟಿಯ ಕೊನೆಯ ಹಾಡನ್ನು ಒತ್ತಿ ನೋಡುವುದು.

Liked Songs ಪಟ್ಟಿಗೂ ಇದೇ ಬಾಣವಿದೆ. ಅದನ್ನು ಒಮ್ಮೆ ಒತ್ತಿಬಿಟ್ಟರೆ ಮುಂದೆ ಲೈಕ್ ಮಾಡಿದ್ದೆಲ್ಲವೂ ಫೋನಿಗೆ ಇಳಿಯುತ್ತಾ ಹೋಗುತ್ತದೆ. ಒಂಬೈನೂರು ಹಾಡು ಲೈಕ್ ಮಾಡಿದವರಿಗೆ, 320ರ ಗುಣಮಟ್ಟದಲ್ಲಿ, ಎಂಟು ಜಿಬಿಗೂ ಮೀರಿದ ಜಾಗ ಬೇಕು. ಫೋನ್ ಯಾಕೆ ತುಂಬಿತು ಎಂದು ಫೋಟೊ, ವಿಡಿಯೊ ಅಳಿಸುತ್ತಾ ಕೂರುವವರು ಒಮ್ಮೆ ಇಲ್ಲೂ ನೋಡಬೇಕು. ಪ್ರಯಾಣಕ್ಕೆಂದೇ ಬೇರೆ ಪ್ಲೇಲಿಸ್ಟ್ ಮಾಡಿ, ಅದೊಂದನ್ನೇ ಇಳಿಸಿಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಡೌನ್‌ಲೋಡ್ ಎಂದರೆ ಹಾಡು ನಮ್ಮದಾಯಿತು ಎಂದಲ್ಲ. ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಎಂಪಿ3 ಹಾಕಿಸಿಕೊಂಡು ಬಂದವರಿಗೆ ಇದು ವಿಚಿತ್ರವೆನಿಸಬಹುದು. ಈ ಆ್ಯಪ್‌ಗಳು ಹಾಡನ್ನು ಗೂಢಲಿಪಿಯಲ್ಲಿ ಬೀಗ ಹಾಕಿ ತಮ್ಮೊಳಗೇ ಇಟ್ಟುಕೊಳ್ಳುತ್ತವೆ. ಹಾಡಿನ ಕಡತವನ್ನು ಇನ್ನೊಬ್ಬರಿಗೆ ಕಳಿಸಲು, ಪೆನ್‌ಡ್ರೈವ್‌ಗೆ ಹಾಕಿ ಕಾರಿನಲ್ಲಿ ಕೇಳಲು ಆಗುವುದಿಲ್ಲ. ಎರಡೂ ಆ್ಯಪ್‌ಗಳು ಮೂವತ್ತು ದಿನಕ್ಕೊಮ್ಮೆಯಾದರೂ ಇಂಟರ್ನೆಟ್ ಸಂಪರ್ಕಕ್ಕೆ ಬರಬೇಕೆನ್ನುತ್ತವೆ, ಚಂದಾ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳುವುದಕ್ಕೆ. ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡರೆ ಎಲ್ಲವನ್ನೂ ಹೊಸದಾಗಿ ಇಳಿಸಬೇಕು.

ಹಾಡಿನ ಹಕ್ಕುದಾರರು ಮುನಿಸಿಕೊಂಡರೆ ಮೂರೂ ಕೈಕೊಡುತ್ತವೆ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರುವರಿಯಲ್ಲಿ. ಹಿಂದಿನ ಎಚ್‌ಎಂವಿ ಸಂಗ್ರಹವನ್ನು ಹೊಂದಿರುವ ಸಾರೆಗಾಮ ಕಂಪನಿ ಆ ವರ್ಷವೇ ದೆಹಲಿ ಹೈಕೋರ್ಟಿಗೆ ಹೋಯಿತು, ಸ್ಪಾಟಿಫೈ ಅದರ ಹಾಡುಗಳನ್ನು ತೆಗೆಯಬೇಕಾಯಿತು. 2020ರಲ್ಲಿ ಒಪ್ಪಂದವಾದ ಮೇಲೆಯೇ ಅವು ಮರಳಿ ಬಂದದ್ದು. ಪ್ಲೇಲಿಸ್ಟಿನಲ್ಲಿ ಹಾಡಿನ ಹೆಸರು ಬೂದುಬಣ್ಣಕ್ಕೆ ತಿರುಗಿ, ಒತ್ತಿದರೂ ಹಾಡದಿದ್ದರೆ ಇಂಥದ್ದೇ ಏನೋ ನಡೆದಿರುವ ಸಾಧ್ಯತೆ ಹೆಚ್ಚು. ಫೋನನ್ನು ರಿಪೇರಿಗೆ ಒಯ್ಯಬೇಡಿ. ಕಾಯಬೇಕು, ಇಲ್ಲವೇ ಬೇರೆ ಆ್ಯಪ್‌ನಲ್ಲಿ ಹುಡುಕಬೇಕು.

ಚಂದಾ ನಿಲ್ಲಿಸಿದ ಮೇಲೂ ನಿಮ್ಮ ಲೈಕ್‌ಗಳು, ಪ್ಲೇಲಿಸ್ಟ್‌ಗಳು ಅಕೌಂಟಿನಲ್ಲಿ ಹಾಗೆಯೇ ಉಳಿಯುತ್ತವೆ. ಇಳಿಸಿಕೊಂಡ ಹಾಡುಗಳು ಮಾತ್ರ ಕೈತಪ್ಪುತ್ತವೆ.