ಜೋತುಬಿದ್ದ ಕೊಳವೆ

ಕಳೆದ ಚಳಿಗಾಲದಲ್ಲಿ ನ್ಯೂಜೆರ್ಸಿಯ ನಮ್ಮ ಬೀದಿಯ ನಾಲ್ಕೇ ಮನೆಗಳಿಗೆ ಕರೆಂಟ್ ಹೋಯಿತು. ಎದುರು ಸಾಲಿನಲ್ಲಿ ದೀಪ ಉರಿಯುತ್ತಿತ್ತು. ಕಿಟಕಿಯಿಂದಲೇ ಕಂಬದ ಫೋಟೋ ತೆಗೆದು ಹಿಗ್ಗಿಸಿ ನೋಡಿದೆ.

ತುದಿಯಲ್ಲಿ ತಂತಿಯನ್ನು ಹೊತ್ತಿರುವುದು ಇನ್ಸುಲೇಟರ್. ಅದು ವಿದ್ಯುತ್ತು ಕಂಬಕ್ಕೆ ಹರಿಯದಂತೆ ತಡೆಯುತ್ತದೆ. ಕೆಳಗಿನ ಬೂದು ಬಣ್ಣದ ಡ್ರಮ್ಮು ಟ್ರಾನ್ಸ್‌ಫಾರ್ಮರ್. ಸಾವಿರಾರು ವೋಲ್ಟನ್ನು ಮನೆಗೆ ಬೇಕಾದ 240 ಮತ್ತು 120ಕ್ಕೆ ಇಳಿಸುತ್ತದೆ. ಇವೆರಡರ ನಡುವೆ ಫ್ಯೂಸ್ ಕಟೌಟ್: ಓರೆಯಾಗಿ ನಿಂತ ಪಿಂಗಾಣಿ, ಅದರ ಎರಡು ತುದಿಗಳನ್ನು ಸೇರಿಸುವ ಒಂದು ಕೊಳವೆ. ಒಳಗಿನ ಫ್ಯೂಸ್ ತಂತಿ ಕರಗಿದರೆ ಮೇಲಿನ ಹಿಡಿತ ತಪ್ಪಿ ಕೊಳವೆ ಕೆಳಕ್ಕೆ ಜೋತುಬೀಳುತ್ತದೆ. ನಮ್ಮದು ಹಾಗೆಯೇ ಜೋತಾಡುತ್ತಿತ್ತು.

ಏಕೆ ಕರಗಿತೆಂದು ಫೋಟೋ ಹೇಳದು. ಅಳಿಲು ತಗುಲಿರಬಹುದು, ಟ್ರಾನ್ಸ್‌ಫಾರ್ಮರೇ ಕೆಟ್ಟಿರಬಹುದು. ಕಟೌಟಿನ ಮೇಲಿನ ತುದಿಯಲ್ಲಿ ಆಗಲೂ ವಿದ್ಯುತ್ತು ಇರುತ್ತದೆ, ಹತ್ತಿರ ಹೋಗಲಿಲ್ಲ. ವಿದ್ಯುತ್ ಕಂಪನಿಗೆ ಕಂಬದ ಸಂಖ್ಯೆ ಕೊಟ್ಟು, “ಕಟೌಟ್ ತೆರೆದಿದೆ” ಎಂದಷ್ಟೇ ತಿಳಿಸಿದೆ.