ಹತ್ತು ಗಂಟೆಯ ಡಬ್ಬಿ, ಮೂರು ಗಂಟೆಯ ನಿದ್ದೆ

ನಾಳೆ ಭೌತಶಾಸ್ತ್ರದ ಪರೀಕ್ಷೆ. ಐವತ್ತು ಕಿಲೋ ತೂಕದ ಪಿಯು ಹುಡುಗನೊಬ್ಬ ರಾತ್ರಿ ಹತ್ತಕ್ಕೆ ಎನರ್ಜಿ ಡ್ರಿಂಕ್ ಡಬ್ಬಿ ತೆರೆಯುತ್ತಾನೆ ಎನ್ನಿ. ನಮ್ಮ ದೇಶದ ನಿಯಮದಂತೆ ಇಂಥ ಪಾನೀಯದ ಲೀಟರಿಗೆ ಗರಿಷ್ಠ 300 ಮಿಲಿಗ್ರಾಂ ಕೆಫೀನ್ ಇರಬಹುದು. ಅಂದರೆ 250 ಮಿಲಿಲೀಟರಿನ ಡಬ್ಬಿಯಲ್ಲಿ ಹೆಚ್ಚೆಂದರೆ 75. ಒಂದು ಲೋಟ ಗಟ್ಟಿ ಕಾಫಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಚಹಾದಲ್ಲಿ ಸಾಮಾನ್ಯವಾಗಿ ಅದರ ಅರ್ಧ. ಡಿಕಾಕ್ಷನ್ನಿನಲ್ಲಿ ಚಿಕೋರಿ ಹೆಚ್ಚಿದ್ದರೆ ಬಣ್ಣ ಕಪ್ಪಾದರೂ ಕೆಫೀನ್ ಕಡಿಮೆ, ಏಕೆಂದರೆ ಚಿಕೋರಿಯಲ್ಲಿ ಅದು ಇಲ್ಲವೇ ಇಲ್ಲ.

ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗಿ ತೂಕಡಿಕೆ ತರುತ್ತದೆ. ಕೆಫೀನ್ ಅದರ ಜಾಗದಲ್ಲಿ ತಾನು ಕೂತು, ದಣಿವು ಗೊತ್ತಾಗದಂತೆ ಮಾಡುತ್ತದೆ. ದಣಿವು ಮಾತ್ರ ಎಲ್ಲೂ ಹೋಗಿರುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಹುಡುಗ ಮೂರಕ್ಕೆ ಮಲಗಿದರೆ ಅರ್ಧ ಲೋಟ ಕಾಫಿಯಷ್ಟು ಇನ್ನೂ ರಕ್ತದಲ್ಲೇ ಇರುತ್ತದೆ. ಗಾಢನಿದ್ದೆ ತಪ್ಪಿದರೆ ಓದಿದ್ದೂ ನೆನಪಿನಲ್ಲಿ ಸರಿಯಾಗಿ ನಿಲ್ಲದು.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಮಿತಿ. ಹದಿಹರೆಯದವರಿಗೆ ಕಿಲೋ ತೂಕಕ್ಕೆ 3ರ ಲೆಕ್ಕ ಹಿಡಿಯುವುದು ಕ್ಷೇಮ. ಈ ಹುಡುಗನಿಗೆ 150. ಬೆಳಗಿನ ಕಾಫಿ, ಸಂಜೆಯ ಚಹಾ ಆಗಿದ್ದರೆ ಡಬ್ಬಿಯೊಂದಿಗೆ ಲೆಕ್ಕ ಮೀರಿತು. ಎದೆ ಡವಗುಟ್ಟಿದರೆ, ಕೈ ನಡುಗಿದರೆ ಅಲ್ಲಿಗೇ ನಿಲ್ಲಿಸಬೇಕು. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಡಬ್ಬಿ ಮುಟ್ಟಬಾರದು. ಉಳಿದವರು ಕೊನೆಯ ಕಾಫಿಯನ್ನು ಸಂಜೆ ಐದರೊಳಗೆ ಮುಗಿಸಿ.